ನೂರಿಪ್ಪತ್ತು ಲೀಡ್, ನಾಲ್ಕು ಅಡುಗೆಮನೆ

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ನಮ್ಮದೊಂದು ಚಿಕ್ಕ ವರ್ಕ್‌ಶಾಪ್ ಇದೆ. ಮಾಡ್ಯುಲರ್ ಕಿಚನ್, ವಾರ್ಡ್‌ರೋಬ್ ಮಾಡಿಕೊಡುತ್ತೇವೆ. ಗೂಗಲ್ ಜಾಹೀರಾತನ್ನು ಒಂದು ಏಜೆನ್ಸಿ ನೋಡಿಕೊಳ್ಳುತ್ತಿತ್ತು. 2024ರ ಅಕ್ಟೋಬರ್ ಕೊನೆಗೆ ಅವರ ಜೊತೆಗಿನ ಒಂದು ವರ್ಷದ ಒಪ್ಪಂದ ಮುಗಿಯುವುದಿತ್ತು. ಮುಂದುವರಿಸಬೇಕೋ ಬೇಡವೋ ಅಂತ ತೀರ್ಮಾನಿಸಲು ನಾನೂ ತಂಗಿಯೂ ಒಂದು ಭಾನುವಾರ ವರದಿಗಳನ್ನು ಹರಡಿಕೊಂಡು ಕೂತೆವು. ಆಫೀಸು, ಫೋನು, ರಿಜಿಸ್ಟರು ಎಲ್ಲ ಅವಳದೇ ಜವಾಬ್ದಾರಿ.

ನಾವು ಆರಿಸಿಕೊಂಡಿದ್ದು ಆಗಸ್ಟ್ ತಿಂಗಳ ವರದಿ. ಸೆಪ್ಟೆಂಬರಿನದು ಬೇಕೆಂದೇ ಬಿಟ್ಟೆವು. ನಮ್ಮ ಕೆಲಸದಲ್ಲಿ ಫೋನ್ ಬಂದ ದಿನವೇ ಆರ್ಡರ್ ಆಗುವುದಿಲ್ಲ. ಮನೆಗೆ ಹೋಗಿ ಅಳತೆ ತೆಗೆಯಬೇಕು, ಡಿಸೈನ್ ತೋರಿಸಬೇಕು, ಮನೆಯವರೆಲ್ಲ ಒಪ್ಪಬೇಕು. ಅಡ್ವಾನ್ಸ್ ಕೈಗೆ ಬರುವಷ್ಟರಲ್ಲಿ ಐದಾರು ವಾರ ಆಗಿರುತ್ತದೆ. ಆಗಸ್ಟಿನಲ್ಲಿ ಬಂದವರು ಏನಾದರು ಅಂತ ಗೊತ್ತಾಗುವುದೇ ಅಕ್ಟೋಬರಿನಲ್ಲಿ. ಏಜೆನ್ಸಿಯವರು ಪ್ರತಿ ತಿಂಗಳು ಐದನೇ ತಾರೀಖಿಗೆ ಹೋದ ತಿಂಗಳ ವರದಿ ಕಳಿಸುತ್ತಿದ್ದರು. ಅದನ್ನು ಆ ದಿನವೇ ನೋಡಿ ಖುಷಿಪಟ್ಟು ಪಕ್ಕಕ್ಕಿಡುತ್ತಿದ್ದೆ. ಎರಡು ತಿಂಗಳು ಹಳೆಯದಾದ ಮೇಲೆ ಮತ್ತೆ ತೆಗೆದು ನೋಡಬೇಕಿತ್ತು.

ವರದಿಯ ಮೊದಲ ಪುಟದಲ್ಲಿ ದೊಡ್ಡ ಅಕ್ಷರದಲ್ಲಿ ಮೂರು ಸಂಖ್ಯೆ ಇದ್ದವು. ಖರ್ಚು 60,000 ರೂಪಾಯಿ. ಲೀಡ್, ಅಂದರೆ ಜಾಹೀರಾತು ನೋಡಿ ವಿಚಾರಿಸಿದವರು, 120. ಒಂದು ಲೀಡ್‌ಗೆ 500 ರೂಪಾಯಿ. ಕೆಳಗೆ ಹಸಿರು ಬಾಣದ ಗುರುತು: ಹಿಂದಿನ ತಿಂಗಳಿಗಿಂತ 40% ಜಾಸ್ತಿ.

ತಂಗಿ ತನ್ನ ರಿಜಿಸ್ಟರ್ ತೆಗೆದಳು. ನಾವು ಯಾವ ಫೋನ್ ಬಂದರೂ ತಾರೀಖು, ಹೆಸರು, ನಂಬರ್, ಮನೆ ಯಾವ ಏರಿಯಾ, ಹೇಗೆ ಗೊತ್ತಾಯಿತು ಅಂತ ಬರೆದಿಡುತ್ತೇವೆ. ಅವಳು ಗೂಗಲ್‌ನಿಂದ ಬಂದವರನ್ನು ಮಾತ್ರ ಎಣಿಸಿ ಹೇಳಿದಳು: "ಅಣ್ಣಾ, ಇವರು ನೂರಿಪ್ಪತ್ತು ಅಂತಾರೆ. ನನ್ನ ಪುಸ್ತಕದಲ್ಲಿ ಎಪ್ಪತ್ತೊಂದೇ ಜನ ಇದ್ದಾರೆ."

ಉಳಿದ ನಲವತ್ತೊಂಬತ್ತು ಜನ ಎಲ್ಲಿ ಹೋದರು? ಏಜೆನ್ಸಿಗೆ ನಾನು ಕೇಳಿದ ಮೊದಲ ಪ್ರಶ್ನೆ ಇದು. ವರದಿ ಓದುವ ಯಾರೇ ಆಗಲಿ ಇಲ್ಲಿಂದಲೇ ಶುರುಮಾಡಬೇಕು ಅಂತ ಈಗ ಅನಿಸುತ್ತದೆ: ನೀವು ಲೀಡ್ ಅಂತ ಯಾವುದನ್ನು ಎಣಿಸುತ್ತಿದ್ದೀರಿ?

ಗೂಗಲ್ ಆ್ಯಡ್ಸ್‌ನಲ್ಲಿ ಲೀಡ್ ಅಂತ ತಾನಾಗಿ ಏನೂ ಇರುವುದಿಲ್ಲ. ವೆಬ್‌ಸೈಟಿನಲ್ಲಿ ಯಾವ ಕೆಲಸ ನಡೆದರೆ ಲೆಕ್ಕಕ್ಕೆ ಹಿಡಿಯಬೇಕು ಅಂತ ನಾವು ಹೇಳಿಕೊಡಬೇಕು. ಅದಕ್ಕೆ ಅವರ ಭಾಷೆಯಲ್ಲಿ ಕನ್ವರ್ಷನ್ ಅಂತ ಹೆಸರು. ಫಾರ್ಮ್ ತುಂಬಿದರೆ ಒಂದು ಕನ್ವರ್ಷನ್ ಅನ್ನಬಹುದು. ಫೋನ್ ಬಟನ್ ಒತ್ತಿದರೂ ಅನ್ನಬಹುದು. ಸುಮ್ನೆ ಸಂಪರ್ಕ ಪುಟ ತೆರೆದರೂ ಅನ್ನಬಹುದು. ಹಾಗಾಗಿ ಕನ್ವರ್ಷನ್‌ಗಳನ್ನು ಬಗೆಬಗೆಯಾಗಿ ಬಿಡಿಸಿ ಕೊಡಿ ಅಂತ ಕೇಳಿದೆ. ಮರುದಿನ ಬಂತು. ಫಾರ್ಮ್ ತುಂಬಿದ್ದು 46. ವಾಟ್ಸಾಪ್ ಬಟನ್ ಒತ್ತಿದ್ದು 41. ಕರೆ ಬಟನ್ ಒತ್ತಿದ್ದು 33.

ವಾಟ್ಸಾಪ್ ಬಟನ್ ಒತ್ತಿದ ಮಾತ್ರಕ್ಕೆ ನಮಗೆ ಮೆಸೇಜ್ ಬರುವುದಿಲ್ಲ. ಆ್ಯಪ್ ತೆರೆದ ಮೇಲೆ ಆ ವ್ಯಕ್ತಿ ಕಳಿಸು ಅಂತ ಒತ್ತಬೇಕು. ನಮಗೆ ಬಂದ ಮೆಸೇಜ್ 22. ಕರೆ ಬಟನ್ ಕಥೆಯೂ ಅದೇ, ಬಂದ ಕರೆ 18. ಫಾರ್ಮ್‌ಗಳಲ್ಲಿ ಬೇರೆ ಬೇರೆ ನಂಬರ್ ಇದ್ದಿದ್ದು 39. ಉತ್ತರ ಬರಲಿಲ್ಲ ಅಂತ ಕೆಲವರು ಎರಡೆರಡು ಸಲ ತುಂಬಿದ್ದರು. ಇವೆಲ್ಲ ಸೇರಿದರೆ 79. ಅದರಲ್ಲಿ ಎಂಟು ಜನ ಮೆಸೇಜನ್ನೂ ಹಾಕಿ ಕರೆಯನ್ನೂ ಮಾಡಿದವರು ಅಥವಾ ಫಾರ್ಮನ್ನೂ ತುಂಬಿದವರು. ಅವರನ್ನು ಕಳೆದರೆ ತಂಗಿಯ 71 ಸರಿಯಾಗಿ ಕೂಡಿಬಂತು.

ಒಬ್ಬರೇ ಮೂರು ಸಲ ಒತ್ತಿದರೆ ಮೂರು ಲೀಡ್ ಆಗುತ್ತದೆಯೇ? ಅದು ಒಂದು ಸೆಟ್ಟಿಂಗ್ ಮೇಲೆ ನಿಂತಿದೆ. ಪ್ರತಿ ಕನ್ವರ್ಷನ್‌ಗೂ Count ಅಂತ ಒಂದು ಆಯ್ಕೆ ಇರುತ್ತದೆ. ಅದರಲ್ಲಿ Every ಇದ್ದರೆ ಒತ್ತಿದಷ್ಟೂ ಸಲ ಎಣಿಕೆ. One ಇದ್ದರೆ ಜಾಹೀರಾತಿನ ಒಂದು ಕ್ಲಿಕ್ಕಿಗೆ ಒಂದೇ ಎಣಿಕೆ. ಆನ್‌ಲೈನ್ ಅಂಗಡಿಗೆ Every ಸರಿ, ಯಾಕೆಂದರೆ ಒಬ್ಬರೇ ಎರಡು ಸಲ ಕೊಂಡರೆ ಎರಡೂ ಮಾರಾಟವೇ. ನಮ್ಮಂಥವರಿಗೆ One ಬೇಕು. ನಮ್ಮದರಲ್ಲಿ ಮೂರಕ್ಕೂ Every ಇತ್ತು. ಇದರಲ್ಲಿ ಮೋಸದ ಉದ್ದೇಶ ಇತ್ತು ಅಂತ ನಾನು ಹೇಳುವುದಿಲ್ಲ. ಶುರುವಿನಲ್ಲಿ ಯಾರೋ ಹಾಗೆ ಇಟ್ಟಿದ್ದರು, ಆಮೇಲೆ ಯಾರೂ ತಿರುಗಿ ನೋಡಲಿಲ್ಲ, ಅಷ್ಟೇ ಇರಬಹುದು. ಆದರೆ ಇದರ ಪರಿಣಾಮ ವರದಿಯಲ್ಲೇ ನಿಲ್ಲುವುದಿಲ್ಲ. ಕನ್ವರ್ಷನ್ ಜಾಸ್ತಿ ಮಾಡು ಅಂತ ಗೂಗಲ್‌ಗೆ ಹೇಳಿಟ್ಟಿದ್ದರೆ, ಅದು ಬಟನ್ ಒತ್ತುವವರನ್ನೇ ಹುಡುಕಿ ಹುಡುಕಿ ತರುತ್ತದೆ. ತಪ್ಪು ಎಣಿಕೆಯನ್ನೇ ಗುರಿ ಅಂದುಕೊಂಡು ನಮ್ಮ ಹಣ ಖರ್ಚು ಮಾಡುತ್ತದೆ.

ಈ 71 ಜನರ ಹೆಸರಿನ ಮುಂದೆ ತಂಗಿ ಒಂದೊಂದಾಗಿ ಗುರುತು ಹಾಕುತ್ತಾ ಹೋದಳು. ಹದಿನಾಲ್ಕು ಜನ ಕೆಲಸ ಕೇಳಿದ ಕಾರ್ಪೆಂಟರ್‌ಗಳು, ಪ್ಲೈವುಡ್ ಮಾರುವವರು, ಡಿಸೈನ್ ಕೋರ್ಸ್ ಬಗ್ಗೆ ಕೇಳಿದ ಹುಡುಗರು. ಹತ್ತೊಂಬತ್ತು ಜನರ ಮನೆ ನಾವು ಹೋಗಿ ಕೆಲಸ ಮಾಡಲು ಆಗದಷ್ಟು ದೂರ. ಹನ್ನೊಂದು ಜನ ಎಷ್ಟು ಸಲ ಮಾಡಿದರೂ ಫೋನ್ ಎತ್ತಲಿಲ್ಲ. ಉಳಿದವರು 27. ಅವರಲ್ಲಿ 12 ಮನೆಗೆ ಹೋಗಿ ಅಳತೆ ತೆಗೆದೆವು. ನಾಲ್ಕು ಆರ್ಡರ್ ಆಯಿತು.

ಖರ್ಚನ್ನೂ ಸರಿಯಾಗಿ ಹಿಡಿಯಬೇಕಲ್ವಾ. ವರದಿಯ 500 ರೂಪಾಯಿ ಲೆಕ್ಕದಲ್ಲಿ ಏಜೆನ್ಸಿಯ ಫೀಸೇ ಇರಲಿಲ್ಲ. ಅವರಿಗೆ ಜಾಹೀರಾತು ಖರ್ಚಿನ 25%, ಅಂದರೆ 15,000 ಕೊಡುತ್ತಿದ್ದೆವು. ಒಟ್ಟು 75,000. ಇದರ ಮೇಲೆ 18% ಜಿಎಸ್‌ಟಿ ಬೇರೆ. ನಮಗೆ ಅದರ ಇನ್‌ಪುಟ್ ಕ್ರೆಡಿಟ್ ಸಿಗುವುದರಿಂದ ಬಿಟ್ಟಿದ್ದೇನೆ. ಕಾಂಪೊಸಿಷನ್ ಸ್ಕೀಮಿನಲ್ಲಿ ಇರುವವರಿಗೆ ಆ ಕ್ರೆಡಿಟ್ ಸಿಗುವುದಿಲ್ಲ, ಅವರು ಅದನ್ನೂ ಖರ್ಚಿಗೇ ಸೇರಿಸಬೇಕು. 75,000ವನ್ನು ಒಳ್ಳೆಯ 27 ಎನ್‌ಕ್ವೈರಿಗಳಿಗೆ ಹಂಚಿದರೆ ಒಂದಕ್ಕೆ ಸುಮಾರು 2,780 ಬೀಳುತ್ತದೆ. ಆರ್ಡರ್ ಒಂದಕ್ಕೆ 18,750.

ಇದು ನಷ್ಟದ ಲೆಕ್ಕವಲ್ಲ. ಇದನ್ನು ಒತ್ತಿ ಹೇಳಬೇಕು. ನಮ್ಮ ಒಂದು ಕಿಚನ್ ಆರ್ಡರ್ ಸರಾಸರಿ 2,60,000 ರೂಪಾಯಿಯದು. ಬೋರ್ಡು, ಹಾರ್ಡ್‌ವೇರು, ಕೂಲಿ, ಫಿಟ್ಟಿಂಗ್ ಎಲ್ಲ ಕಳೆದರೆ 52,000 ಉಳಿಯುತ್ತದೆ. ಅದರಲ್ಲಿ ಬಾಡಿಗೆ, ಸಂಬಳ ನೋಡಿಕೊಳ್ಳಬೇಕು. ಜಾಹೀರಾತಿಗೆ 18,750 ಹೋದರೂ ವ್ಯಾಪಾರ ನಡೆಯುತ್ತದೆ. 500 ರೂಪಾಯಿಗೆ ಲೀಡ್ ಸಿಗುತ್ತಿದೆ ಅಂತ ನಂಬಿ ನಾನು ಬಜೆಟ್ ದುಪ್ಪಟ್ಟು ಮಾಡಿದ್ದರೆ ತಪ್ಪಾಗುತ್ತಿತ್ತು. 71 ಜನರಲ್ಲಿ ನಮಗೆ ಆಗಿಬರದವರೇ ಜಾಸ್ತಿ ಅಂತ ಸಿಟ್ಟಿನಲ್ಲಿ ನಿಲ್ಲಿಸಿದ್ದರೂ ಅಷ್ಟೇ ತಪ್ಪಾಗುತ್ತಿತ್ತು.

ಇನ್ನು ಆ ಹಸಿರು ಬಾಣ. ಜುಲೈನಲ್ಲಿ 86 ಲೀಡ್, ಆಗಸ್ಟಿನಲ್ಲಿ 120. ಲೆಕ್ಕ ಸರಿ ಇದೆ. ಆದರೆ 2024ರ ಜುಲೈ ಬಹುಪಾಲು ಆಷಾಢ. ನಮ್ಮ ಕಡೆ ಆಷಾಢದಲ್ಲಿ ಗೃಹಪ್ರವೇಶ ಇಲ್ಲ, ಹೊಸ ಕೆಲಸಕ್ಕೆ ಅಡ್ವಾನ್ಸ್ ಕೊಡಲೂ ಜನ ಹಿಂಜರಿಯುತ್ತಾರೆ. ಆಗಸ್ಟ್ 5ಕ್ಕೆ ಶ್ರಾವಣ ಶುರುವಾಯಿತು. ಜಾಹೀರಾತು ಇಲ್ಲದ ವರ್ಷಗಳಲ್ಲೂ ಆ ವಾರ ನಮ್ಮ ಫೋನ್ ಬಿಡುವಿಲ್ಲದೆ ಬಡಿದುಕೊಳ್ಳುತ್ತಿತ್ತು. ಹಾಗಾದರೆ ಹಿಂದಿನ ವರ್ಷದ ಆಗಸ್ಟಿಗೆ ಹೋಲಿಸಿ ಅಂದೆ. ತಂಗಿ ಪಂಚಾಂಗ ತೆಗೆದು ತೋರಿಸಿದಳು. 2023ರಲ್ಲಿ ಅಧಿಕ ಶ್ರಾವಣ ಬಂದಿತ್ತು, ಆಗಸ್ಟ್ ಮಧ್ಯದವರೆಗೂ ಅಧಿಕ ಮಾಸ. ಆ ಹೋಲಿಕೆಯೂ ಸರಿಬರುವುದಿಲ್ಲ. ಕೊನೆಗೆ ಎರಡೂ ವರ್ಷದ ನಿಜ ಶ್ರಾವಣದ ದಿನಗಳನ್ನು ರಿಜಿಸ್ಟರಿನಲ್ಲಿ ಹುಡುಕಿ ಪಕ್ಕಪಕ್ಕ ಇಟ್ಟೆವು. ಹೆಚ್ಚುಕಡಿಮೆ ಒಂದೇ ಇತ್ತು. ಏಜೆನ್ಸಿಯ ಹುಡುಗರು ಹಲವು ಊರುಗಳ ಹಲವು ವ್ಯಾಪಾರ ನೋಡುವವರು. ನಮ್ಮ ಸೀಸನ್ ಅವರಿಗೆ ತಿಳಿದಿರಬೇಕು ಅಂತ ನಿರೀಕ್ಷಿಸುವುದಕ್ಕಿಂತ, ಯಾವ ತಿಂಗಳಿಗೆ ಯಾವುದನ್ನು ಹೋಲಿಸಬೇಕು ಅಂತ ನಾವೇ ಹೇಳಿಕೊಡುವುದು ಒಳ್ಳೆಯದು.

ಮೂರನೇ ಪುಟದಲ್ಲಿ ಅತ್ಯುತ್ತಮ ಕ್ಯಾಂಪೇನ್ ಅಂತ ಒಂದನ್ನು ಹೊಗಳಿದ್ದರು. ಅದರ ಖರ್ಚು ಬರೀ 4,000, ಲೀಡ್ 27. ಒಂದಕ್ಕೆ 150 ರೂಪಾಯಿಯೂ ಆಗಲಿಲ್ಲ. ಏನದು ಅಂತ ತೆರೆದು ನೋಡಿದರೆ ನಮ್ಮದೇ ಅಂಗಡಿಯ ಹೆಸರು. ಯಾರಾದರೂ ನಮ್ಮ ಹೆಸರನ್ನು ಟೈಪ್ ಮಾಡಿದರೆ ಮೇಲೆ ನಮ್ಮ ಜಾಹೀರಾತು ಬರುತ್ತಿತ್ತು. ಹಳೆಯ ಗ್ರಾಹಕರು ಹೇಳಿ ಕಳಿಸಿದವರು, ಬೋಗಾದಿಯಲ್ಲಿ ನಮ್ಮ ಬೋರ್ಡ್ ನೋಡಿದವರು ಹುಡುಕುವುದು ಹಾಗೆಯೇ. ಅವರಲ್ಲಿ ಹೆಚ್ಚಿನವರು ಜಾಹೀರಾತು ಇಲ್ಲದಿದ್ದರೂ ಕೆಳಗಿರುವ ನಮ್ಮ ವೆಬ್‌ಸೈಟನ್ನೋ ಮ್ಯಾಪಿನ ನಂಬರನ್ನೋ ಒತ್ತುತ್ತಿದ್ದರು. ಈ ಕ್ಯಾಂಪೇನನ್ನು ಬೇರೆ ಮಾಡಿದರೆ ಉಳಿದ 56,000 ರೂಪಾಯಿಗೆ ಬಂದಿದ್ದು 93. ವರದಿಯ ಲೆಕ್ಕದಲ್ಲೇ ಒಂದು ಲೀಡ್ 500ರಿಂದ 600ಕ್ಕೆ ಏರಿತು. ನಾಲ್ಕು ಆರ್ಡರ್‌ಗಳಲ್ಲೂ ಒಂದು ಹೀಗೆ ಹೆಸರು ಹುಡುಕಿ ಬಂದವರದೇ. ಅದನ್ನು ಬಿಟ್ಟರೆ ಜಾಹೀರಾತು ನಿಜವಾಗಿ ತಂದ ಆರ್ಡರ್ ಮೂರು.

ಸ್ವಂತ ಹೆಸರಿಗೆ ಜಾಹೀರಾತು ಕೊಡುವುದೇ ದಂಡ ಅಂತಲೂ ಅಲ್ಲ. ನಮ್ಮ ಹೆಸರು ಹುಡುಕಿದವರಿಗೆ ಪೈಪೋಟಿಯವರು ತಮ್ಮ ಜಾಹೀರಾತು ತೋರಿಸುತ್ತಿದ್ದರೆ ನಾವೂ ಅಲ್ಲಿರಬೇಕಾಗುತ್ತದೆ. ಅದನ್ನು ಪರೀಕ್ಷಿಸಬಹುದು. ಎರಡು ವಾರ ಆ ಕ್ಯಾಂಪೇನ್ ನಿಲ್ಲಿಸಿ, ಜಾಹೀರಾತಿನಿಂದಲೋ ಮ್ಯಾಪಿನಿಂದಲೋ ಅಂತ ನೋಡದೆ ಬಂದ ಒಟ್ಟು ಕರೆಗಳನ್ನು ಎಣಿಸಬೇಕು. ನಾವು ಹಾಗೆ ಮಾಡಿದಾಗ ಒಟ್ಟು ಕರೆಗಳಲ್ಲಿ ಗುರುತಿಸುವಂಥ ಇಳಿಕೆ ಕಾಣಲಿಲ್ಲ.

ಕಾರ್ಪೆಂಟರ್‌ಗಳು, ಕೋರ್ಸ್ ಹುಡುಗರು ಯಾಕೆ ಬಂದರು? ಉತ್ತರ Search terms ಎಂಬ ಪಟ್ಟಿಯಲ್ಲಿತ್ತು. ವರದಿಯಲ್ಲಿ ನಮಗೆ ತೋರಿಸಿದ್ದು ಕೀವರ್ಡ್‌ಗಳ ಪಟ್ಟಿ, ಅಂದರೆ ಏಜೆನ್ಸಿ ಆರಿಸಿಕೊಂಡ ಪದಗಳು. Search terms ಅಂದರೆ ಜನ ನಿಜವಾಗಿ ಟೈಪ್ ಮಾಡಿದ ಪದಗಳು. ಇವೆರಡೂ ಒಂದೇ ಅಲ್ಲ. ಬ್ರಾಡ್ ಮ್ಯಾಚ್ ಇಟ್ಟರೆ ಅರ್ಥದಲ್ಲಿ ಹತ್ತಿರ ಅಂತ ಗೂಗಲ್‌ಗೆ ಅನಿಸಿದ ಎಷ್ಟೋ ಹುಡುಕಾಟಗಳಿಗೆ ಜಾಹೀರಾತು ಹೋಗುತ್ತದೆ. ನಮ್ಮ ಪಟ್ಟಿಯಲ್ಲಿ ಕಿಚನ್ ಫೋಟೋಗಳು, ಪ್ಲೈವುಡ್ ಶೀಟಿನ ರೇಟು, ಕಾರ್ಪೆಂಟರ್ ಕೆಲಸ, ಸೆಕೆಂಡ್ ಹ್ಯಾಂಡ್ ಕಿಚನ್ ಎಲ್ಲ ಇದ್ದವು. ಫೋಟೋ ನೋಡಲು ಬಂದವರ ಕ್ಲಿಕ್ಕಿಗೂ ನಮ್ಮದೇ ದುಡ್ಡು. ಇಂಥ ಪದಗಳನ್ನು ಬೇಡ ಅಂತ ಸೇರಿಸಿಡಲು ನೆಗೆಟಿವ್ ಕೀವರ್ಡ್ ಎಂಬ ವ್ಯವಸ್ಥೆ ಇದೆ. ಗದ್ದೆಯಲ್ಲಿ ಕಳೆ ಕೀಳುವ ಹಾಗೆ ಇದು ಮತ್ತೆ ಮತ್ತೆ ಮಾಡುತ್ತಿರಬೇಕಾದ ಕೆಲಸ. ಎಲ್ಲ ಹುಡುಕಾಟಗಳೂ ಆ ಪಟ್ಟಿಯಲ್ಲಿ ಕಾಣುವುದಿಲ್ಲ, ತುಂಬಾ ಕಡಿಮೆ ಜನ ಹುಡುಕಿದ್ದನ್ನು ಗೂಗಲ್ ತೋರಿಸುವುದಿಲ್ಲ. ಕಂಡಷ್ಟನ್ನಾದರೂ ಕೀಳಬಹುದಿತ್ತು.

ಕಿತ್ತಿದ್ದಾರೆಯೇ ಅಂತ ತಿಳಿಯಲು ನಾನು ಯಾರ ಮಾತನ್ನೂ ನಂಬಬೇಕಾಗಿರಲಿಲ್ಲ. Change history ಎಂಬ ಪುಟದಲ್ಲಿ ಅಕೌಂಟಿನಲ್ಲಿ ಯಾವ ದಿನ ಯಾರು ಏನು ಬದಲಾಯಿಸಿದರು ಅಂತ ದಾಖಲಾಗಿರುತ್ತದೆ. ಎರಡು ವರ್ಷದ ಹಿಂದಿನವರೆಗೂ ನೋಡಬಹುದು. ಆಗಸ್ಟಿನಲ್ಲಿ ನಮ್ಮ ಅಕೌಂಟಿನಲ್ಲಿ ಆದ ಬದಲಾವಣೆ ಎರಡು. ಮೂರನೇ ತಾರೀಖು ಬಜೆಟ್ ಏರಿಸಿದ್ದು, ಹತ್ತೊಂಬತ್ತಕ್ಕೆ ಒಂದು ಜಾಹೀರಾತಿನ ಸಾಲು ತಿದ್ದಿದ್ದು. ನೆಗೆಟಿವ್ ಪಟ್ಟಿಗೆ ಕೊನೆಯ ಪದ ಸೇರಿದ್ದು ಮಾರ್ಚಿನಲ್ಲಿ. ಬದಲಾವಣೆ ಕಡಿಮೆ ಅಂದ ತಕ್ಷಣ ಕೆಲಸಗಳ್ಳತನ ಅನ್ನುವಂತಿಲ್ಲ. ಬಿಡ್ಡಿಂಗನ್ನು, ಅಂದರೆ ಒಂದು ಕ್ಲಿಕ್ಕಿಗೆ ಎಷ್ಟು ಕೊಡಬೇಕು ಅನ್ನುವುದನ್ನು, ಗೂಗಲ್‌ಗೇ ಬಿಟ್ಟಿದ್ದಾಗ ದಿನಾ ಕೈಯಾಡಿಸಿದರೆ ಕೆಡುವುದೇ ಜಾಸ್ತಿ. ಆದರೆ ಐದು ತಿಂಗಳು ಕಳೆ ಕೀಳದಿರುವುದಕ್ಕೆ ಆ ಕಾರಣ ಒಪ್ಪುವಂಥದ್ದಲ್ಲ. ಅಕೌಂಟ್ ನೋಡುತ್ತಿದ್ದ ಹುಡುಗ ಪ್ರಾಮಾಣಿಕವಾಗಿ ಒಪ್ಪಿಕೊಂಡ. "ಸರ್, ನನ್ನ ಹತ್ತಿರ ಇಪ್ಪತ್ತಕ್ಕೂ ಜಾಸ್ತಿ ಅಕೌಂಟ್ ಇವೆ. ಯಾರು ಕೇಳುತ್ತಾರೋ ಅವರದನ್ನು ಮೊದಲು ನೋಡುತ್ತೇವೆ." ಆ ಮಾತು ಕೇಳಿ ಬೇಜಾರಾಯಿತು. ಒಂದು ವರ್ಷ ನಾನು ಏನನ್ನೂ ಕೇಳಿರಲಿಲ್ಲ.

ದೂರದ ಊರಿನ ಹತ್ತೊಂಬತ್ತು ಜನರ ವಿಷಯ ಸ್ವಲ್ಪ ಸೂಕ್ಷ್ಮ. ಜಾಗದ ಸೆಟ್ಟಿಂಗ್‌ನಲ್ಲಿ ಎರಡು ಆಯ್ಕೆ ಇವೆ. ಮೊದಲೇ ಆರಿಸಿಟ್ಟಿರುವುದು Presence or interest. ಮೈಸೂರಿನಲ್ಲಿ ಇರುವವರಿಗೂ, ಎಲ್ಲೋ ಇದ್ದು ಮೈಸೂರಿನಲ್ಲಿ ಆಸಕ್ತಿ ತೋರಿಸಿದವರಿಗೂ ಜಾಹೀರಾತು ಹೋಗುತ್ತದೆ. ದಸರೆಗೆ ಬರಲು ಹೋಟೆಲ್ ಹುಡುಕಿದವರೂ ಅದರಲ್ಲಿ ಸೇರಿಕೊಳ್ಳಬಹುದು. ಇನ್ನೊಂದು Presence, ಇಲ್ಲಿ ಇರುವವರಿಗೆ ಅಥವಾ ಇಲ್ಲಿಗೆ ಆಗಾಗ ಬರುವವರಿಗೆ ಮಾತ್ರ. ಅದಕ್ಕೆ ಬದಲಾಯಿಸಿ ಅಂತ ಹೇಳುವವನಿದ್ದೆ. ತಂಗಿ ತಡೆದಳು. ಅಳತೆ ತೆಗೆದ ಹನ್ನೆರಡರಲ್ಲಿ ಎರಡು ಮನೆಯವರು ಬೆಂಗಳೂರಿನಲ್ಲಿ ಕೆಲಸ ಮಾಡುತ್ತಾ ಇಲ್ಲಿ ಮನೆ ಕಟ್ಟಿಸುತ್ತಿರುವವರು. ಪೂರ್ತಿ ಮುಚ್ಚಿದರೆ ಅವರಿಗೆ ನಾವು ಕಾಣದೇ ಹೋಗುವ ಅಪಾಯ ಇತ್ತು. ಆಮೇಲೆ ಮಾಡಿದ್ದು ಹೀಗೆ: ಮುಖ್ಯ ಕ್ಯಾಂಪೇನಿಗೆ Presence ಇಟ್ಟೆವು. ಬೆಂಗಳೂರಿಗೆ ಪುಟ್ಟ ಬಜೆಟ್ಟಿನ ಬೇರೆ ಕ್ಯಾಂಪೇನ್ ಮಾಡಿ, ಹುಡುಕಾಟದಲ್ಲಿ ಮೈಸೂರು ಅನ್ನುವ ಪದ ಇದ್ದರೆ ಮಾತ್ರ ತೋರಿಸು ಅಂತ ಹೇಳಿದೆವು. ಇಂಥದ್ದು ರಿಜಿಸ್ಟರ್ ನೋಡಿದವರಿಗೆ ಮಾತ್ರ ಹೊಳೆಯುತ್ತದೆ. ಏಜೆನ್ಸಿಗೆ ನಮ್ಮ ರಿಜಿಸ್ಟರ್ ಯಾವತ್ತೂ ತೋರಿಸಿರಲಿಲ್ಲ.

ಫೋನ್ ಎತ್ತದ ಹನ್ನೊಂದು ಜನರ ಬಗ್ಗೆ ಏಜೆನ್ಸಿಯವರು ನಮಗೇ ತಿರುಗಿ ಒಂದು ಪ್ರಶ್ನೆ ಕೇಳಿದರು. ಅವರು ಫಾರ್ಮ್ ತುಂಬಿದ ಎಷ್ಟು ಹೊತ್ತಿಗೆ ನೀವು ಕರೆ ಮಾಡಿದಿರಿ? ತಾರೀಖು ನೋಡಿದೆವು. ಆರು ಜನ ಶನಿವಾರ ಸಂಜೆ ಅಥವಾ ಭಾನುವಾರ ತುಂಬಿದ್ದರು. ನಾವು ಮಾಡಿದ್ದು ಸೋಮವಾರ ಮಧ್ಯಾಹ್ನ. ಅಷ್ಟರಲ್ಲಿ ಅವರು ಬೇರೆ ಮೂವರ ಹತ್ತಿರ ಮಾತಾಡಿರುತ್ತಾರೆ. ಅದು ನಮ್ಮ ತಪ್ಪು. ಈಗ ಭಾನುವಾರ ಬೆಳಗ್ಗೆ ಹನ್ನೊಂದಕ್ಕೆ ಒಮ್ಮೆ, ಸಂಜೆ ಒಮ್ಮೆ ಫಾರ್ಮ್ ನೋಡಿ ಕರೆ ಮಾಡುತ್ತೇವೆ.

ವರದಿಯ ಕೊನೆಯ ಪುಟದಲ್ಲಿ ಮುಂದಿನ ಸಲಹೆ ಅಂತ ಒಂದೇ ಸಾಲು ಇತ್ತು. ಬಜೆಟ್ 90,000ಕ್ಕೆ ಏರಿಸಿ. ಫೀಸು ಖರ್ಚಿನ ಶೇಕಡಾ ಲೆಕ್ಕದಲ್ಲಿದ್ದರೆ ಅವರ 15,000 ಆಗ 22,500 ಆಗುತ್ತದೆ. ಆ ಕಾರಣಕ್ಕೇ ಹೇಳಿದರು ಅಂತ ನಾನು ಅನ್ನುವುದಿಲ್ಲ. ಆದರೆ ಹೆಚ್ಚಿನ 30,000ಕ್ಕೆ ಏನು ಸಿಗುತ್ತದೆ ಅಂತ ಕೇಳುವುದು ನಮ್ಮ ಹಕ್ಕು. ಇದಕ್ಕೂ ಅಕೌಂಟಿನಲ್ಲಿ ಅಂಕಿ ಇದೆ. Search lost IS (budget) ಎಂಬ ಕಾಲಂ, ದುಡ್ಡು ಸಾಲದೆ ಎಷ್ಟು ಶೇಕಡಾ ಸಲ ಜಾಹೀರಾತು ತೋರಿಸಲಾಗಲಿಲ್ಲ ಅಂತ ಹೇಳುತ್ತದೆ. ಪಕ್ಕದಲ್ಲೇ Search lost IS (rank) ಇರುತ್ತದೆ. ಅದು ಜಾಹೀರಾತಿನ ಗುಣಮಟ್ಟ ಅಥವಾ ಬಿಡ್ ಸಾಲದೆ ತಪ್ಪಿಹೋದದ್ದು. ನಮ್ಮಲ್ಲಿ ಎರಡನೆಯದೇ ಜಾಸ್ತಿ ಇತ್ತು. ಅಂದರೆ ಬಜೆಟ್ ಏರಿಸುವುದು ಮೊದಲ ಮದ್ದಲ್ಲ. ಅದೂ ಅಲ್ಲದೆ ಫೋಟೋ ನೋಡುವವರಿಗೆ ಹೋಗುತ್ತಿದ್ದ ದುಡ್ಡು ಉಳಿದರೆ ಇರುವ ಬಜೆಟ್ಟೇ ಹೆಚ್ಚಾಗುತ್ತಿತ್ತು.

ಇಷ್ಟೆಲ್ಲ ನೋಡಲು ನನಗೆ ಸಾಧ್ಯವಾಗಿದ್ದು ಅಕೌಂಟಿನ ಒಳಗೆ ಹೋಗಿದ್ದರಿಂದ. ಮೊದಲು ನಮಗೆ ಸಿಗುತ್ತಿದ್ದದ್ದು ಬರೀ ಪಿಡಿಎಫ್. ಕೇಳಿದ ಮೇಲೆ Read only ಪ್ರವೇಶ ಕೊಟ್ಟರು. ನೋಡಲು ಅದು ಸಾಕು. ಬಿಟ್ಟು ಹೋಗುವ ದಿನಕ್ಕೆ ಸಾಲದು. ಅಕೌಂಟಿಗೆ ನಮ್ಮ ಇಮೇಲ್ Admin ಆಗಿರಬೇಕು. ಆಗ ಏಜೆನ್ಸಿಯ ಕೊಂಡಿ ತೆಗೆದರೂ ಅಕೌಂಟು, ಅದರ ಹಳೆಯ ಇತಿಹಾಸ, ಕೂಡಿಟ್ಟ ನೆಗೆಟಿವ್ ಪಟ್ಟಿ ಎಲ್ಲ ನಮ್ಮ ಹತ್ತಿರವೇ ಉಳಿಯುತ್ತವೆ. ಇದನ್ನು ಸಹಿ ಹಾಕುವ ಮೊದಲೇ ಬರೆಸಿಕೊಳ್ಳಬೇಕು. ಜಾಹೀರಾತಿಗಾಗಿ ಅವರು ಬೇರೆ ವೆಬ್‌ಪುಟ ಅಥವಾ ಬೇರೆ ಫೋನ್ ನಂಬರ್ ಹಾಕಿದ್ದರೆ ಅದು ಯಾರ ಹೆಸರಿನಲ್ಲಿದೆ ಅಂತಲೂ ಕೇಳಬೇಕು.

ಇನ್‌ಸ್ಟಾಗ್ರಾಂ, ಫೇಸ್‌ಬುಕ್ ಜಾಹೀರಾತು ಕೊಡುವವರಿಗೆ ಇನ್ನೊಂದು ವಿಷಯ ಇದೆ. ಅಲ್ಲಿ ಸಾಮಾನ್ಯವಾಗಿ ಜಾಹೀರಾತು ಒತ್ತಿ ಏಳು ದಿನದೊಳಗೆ ಕೊಂಡವರನ್ನಷ್ಟೇ ಅಲ್ಲ, ಒತ್ತದೆ ಸುಮ್ನೆ ನೋಡಿ ಒಂದು ದಿನದೊಳಗೆ ಕೊಂಡವರನ್ನೂ ಜಾಹೀರಾತಿನ ಲೆಕ್ಕಕ್ಕೆ ಹಾಕುತ್ತಾರೆ. ಒತ್ತಿದವರು ಎಷ್ಟು, ಬರೀ ನೋಡಿದವರು ಎಷ್ಟು ಅಂತ ಬಿಡಿಸಿ ಕೇಳಿ. ಗೂಗಲ್ಲೂ ಅದೂ ಎರಡೂ ಇದ್ದರೆ ಒಂದೇ ಗ್ರಾಹಕರನ್ನು ಎರಡೂ ಕಡೆಯವರು ತಮ್ಮದು ಅಂತ ಎಣಿಸಿರಬಹುದು.

ಕೊನೆಗೆ ನಾವು ಏಜೆನ್ಸಿ ಬದಲಿಸಲಿಲ್ಲ. ಹನ್ನೆರಡು ತಿಂಗಳ ಬದಲು ಮೂರು ತಿಂಗಳಿಗೆ ಮುಂದುವರಿಸಿದೆವು. ಫೀಸು ಶೇಕಡಾ ಲೆಕ್ಕ ಬಿಟ್ಟು ತಿಂಗಳಿಗೆ 15,000 ಅಂತ ಗೊತ್ತುಮಾಡಿದೆವು. ಅಕೌಂಟಿಗೆ ನಾವು Admin. ತಿಂಗಳಿಗೆ ಎರಡು ಸಲ Search terms ಪಟ್ಟಿಯನ್ನು ಅವರೂ ತಂಗಿಯೂ ಜೊತೆಗೆ ನೋಡಬೇಕು. ತಂಗಿ ಪ್ರತಿ ಸೋಮವಾರ ರಿಜಿಸ್ಟರಿನಲ್ಲಿ ಒಳ್ಳೆಯ ಎನ್‌ಕ್ವೈರಿ ಯಾವುದು ಅಂತ ಗುರುತು ಹಾಕಿ ಕಳಿಸುತ್ತಾಳೆ. ಫಾರ್ಮ್ ಜೊತೆಗೆ ಗೂಗಲ್ ಕ್ಲಿಕ್ಕಿನ ಗುರುತು, ಅಂದರೆ gclid, ತಾನಾಗಿ ದಾಖಲಾಗುವಂತೆ ಮಾಡಿದ್ದಾರೆ. ಅವರು ಒಳ್ಳೆಯವನ್ನು ಮಾತ್ರ ಗೂಗಲ್‌ಗೆ ವಾಪಸ್ ತಿಳಿಸುತ್ತಾರೆ. ಬಟನ್ ಒತ್ತುವವರ ಬದಲು ಅಳತೆಗೆ ಕರೆಯುವವರನ್ನು ಹುಡುಕಲು ಅದು ಕಲಿಯಬೇಕು. ತಿಂಗಳಿಗೆ ಇಷ್ಟು ಕಡಿಮೆ ಸಂಖ್ಯೆ ಇದ್ದರೆ ಕಲಿಯಲು ಸಮಯ ಹಿಡಿಯುತ್ತದೆ ಅಂತ ಆ ಹುಡುಗ ಮೊದಲೇ ಹೇಳಿದ್ದಾನೆ. ಒಪ್ಪಿಕೊಂಡೆವು.

ನವೆಂಬರಿನ ವರದಿ ಡಿಸೆಂಬರ್ ಐದಕ್ಕೆ ಬಂತು. ಒಂದೇ ಪುಟ. ಫೀಸು ಸೇರಿ ಖರ್ಚು 60,000. ಒಳ್ಳೆಯ ಎನ್‌ಕ್ವೈರಿ 29. ಅಳತೆ 15. ಆರ್ಡರ್ ಅಂತ ಬರೆದಿದ್ದ ಜಾಗ ಖಾಲಿ ಇತ್ತು. ಪಕ್ಕದಲ್ಲಿ ಏಜೆನ್ಸಿಯ ಆ ಹುಡುಗನೇ ಬರೆದಿದ್ದ: ಜನವರಿಯಲ್ಲಿ ತುಂಬಿಸುತ್ತೇವೆ.